ಎರಡು ಸಲ ಹೇಳಿದ ಹಲೋ: ಒಂಟಿ ಹುಡುಗನೊಬ್ಬನ ಒಂದು ವಾರದ ಪ್ರಕರಣ

ಈ ಪ್ರಕರಣದ ಹುಡುಗ ಒಬ್ಬನೇ ಒಬ್ಬ ಹುಡುಗನಲ್ಲ. ಶಾಲೆಯ ಆಪ್ತಸಮಾಲೋಚಕಿಯಾಗಿ ನಾನು ಕಂಡ ಹಲವು ಮಕ್ಕಳ ಮಾತು, ನಡೆ, ಮೌನಗಳನ್ನು ಒಂದು ವಾರಕ್ಕೆ ಹೊಂದಿಸಿ ಕಥೆಯಾಗಿ ಬರೆದಿದ್ದೇನೆ. ಯಾವ ಮಗುವಿನ ಗುರುತೂ ಇದರಲ್ಲಿ ಸಿಗಬಾರದು, ಹಾಗಾಗಿ ಹೆಸರುಗಳೂ ಇಲ್ಲ. ‘ಹುಡುಗ’ ಎಂದರೆ ಒಂಬತ್ತು ವರ್ಷದವನು, ನಾಲ್ಕನೇ ತರಗತಿ. ‘ಹೊಸ ಹುಡುಗಿ’ ಎಂದರೆ ಆ ವಾರದ ಮಂಗಳವಾರ ಅದೇ ತರಗತಿಗೆ ಬಂದು ಸೇರಿದವಳು.

ವಿಷಯ ನನ್ನವರೆಗೆ ತಂದವರು ತಾಯಿ. ತರಗತಿಯಿಂದ ಯಾವ ದೂರೂ ಬಂದಿರಲಿಲ್ಲ. ಅಂಕಗಳು ಚೆನ್ನಾಗಿದ್ದವು, ಹೋಮ್‌ವರ್ಕ್ ಮುಗಿಯುತ್ತಿತ್ತು, ಜಗಳ ಎಂಬುದೇ ಇರಲಿಲ್ಲ. ಇಂಥ ಮಗುವನ್ನು ಶಿಕ್ಷಕರು ‘ತೊಂದರೆ ಕೊಡದವನು’ ಎಂದು ಮೆಚ್ಚುತ್ತಾರೆ. ಅವನಿಗೇ ತೊಂದರೆ ಇರಬಹುದು ಎಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ತಾಯಿ ಹೇಳಿದ್ದು ಹೊಟ್ಟೆನೋವಿನ ವಿಚಾರ. ಭಾನುವಾರ ಸಂಜೆ ಶುರುವಾಗುತ್ತದೆ, ಸೋಮವಾರ ಬೆಳಿಗ್ಗೆ ಜೋರಾಗುತ್ತದೆ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಮಾಯವಾಗುತ್ತದೆ. ‘ನಾಟಕ ಮಾಡುತ್ತಾನೆ ಅನ್ನಿಸುತ್ತದೆ ಮಿಸ್, ಆದರೆ ಮುಖ ನೋಡಿದರೆ ನಾಟಕ ಅನ್ನಿಸುವುದಿಲ್ಲ’ ಎಂದರು. ಅವರ ಎರಡನೆಯ ಮಾತೇ ಸರಿ. ಆತಂಕದಿಂದ ಬರುವ ಹೊಟ್ಟೆನೋವು ನಿಜವಾದ ನೋವೇ. ಆದರೂ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ ಬನ್ನಿ ಎಂದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ಪದೇ ಪದೇ ವಾಂತಿ, ಇವುಗಳಲ್ಲಿ ಒಂದಿದ್ದರೂ ಅದು ನನ್ನ ಕೋಣೆಯಲ್ಲಿ ಕೂತು ಮಾತನಾಡುವ ವಿಷಯವಲ್ಲ. ಯಾವುದೂ ಇರಲಿಲ್ಲ.

ಹಿನ್ನೆಲೆ ಚಿಕ್ಕದು. ಅವನಿಗೆ ಮೊದಲ ತರಗತಿಯಿಂದ ಒಬ್ಬನೇ ಗೆಳೆಯ. ಬೇಸಿಗೆ ರಜೆಯಲ್ಲಿ ಆ ಗೆಳೆಯನ ಕುಟುಂಬ ಬೇರೆ ಕಡೆ ಹೋಯಿತು. ಇಬ್ಬರು ಮಾತ್ರ ಇದ್ದ ಲೋಕದಲ್ಲಿ ಒಬ್ಬ ಹೊರಟುಹೋದರೆ ಉಳಿದವನಿಗೆ ಹಿಂತಿರುಗಲು ಬೇರೆ ಗುಂಪು ಇರುವುದಿಲ್ಲ. ರಜೆ ಮುಗಿಯುವಷ್ಟರಲ್ಲಿ ಉಳಿದ ಮಕ್ಕಳ ಗುಂಪುಗಳು ಗಟ್ಟಿಯಾಗಿದ್ದವು. ಅವನನ್ನು ಯಾರೂ ಹೊರಗಿಟ್ಟಿರಲಿಲ್ಲ. ಒಳಗೆ ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮೈದಾನದಲ್ಲಿ ಕಂಡದ್ದು

ಮಗುವನ್ನು ಕರೆಸಿ ಮಾತನಾಡಿಸುವ ಮೊದಲು ನಾನು ವಿರಾಮದ ವೇಳೆ ದೂರದಿಂದ ನೋಡುತ್ತೇನೆ. ಹುಡುಗ ಮಾಡುತ್ತಿದ್ದುದು ಇಷ್ಟು: ಗಂಟೆ ಬಾರಿಸಿದ ಕೂಡಲೇ ನೀರಿನ ಬಾಟಲಿ ಹಿಡಿದು ನಲ್ಲಿಯತ್ತ ಹೋಗುತ್ತಾನೆ. ತುಂಬಿಸುತ್ತಾನೆ. ಎರಡು ಗುಟುಕು ಕುಡಿದು ಉಳಿದದ್ದನ್ನು ಚೆಲ್ಲುತ್ತಾನೆ. ಕಾರಿಡಾರಿನ ಉದ್ದಕ್ಕೂ, ಯಾರೋ ಕರೆದಿದ್ದಾರೆ ಎಂಬಂತೆ ಬಿರುಸಾಗಿ ನಡೆದು ಕೊನೆ ಮುಟ್ಟಿ, ಮತ್ತೆ ಅದೇ ಬಿರುಸಿನಲ್ಲಿ ನಲ್ಲಿಗೆ ಬರುತ್ತಾನೆ. ಮತ್ತೆ ತುಂಬಿಸುತ್ತಾನೆ. ಮಧ್ಯೆ ಗೋಡೆಗೆ ಒರಗಿ ನಿಂತು ಆಟ ನೋಡುತ್ತಾನೆ. ಯಾರಾದರೂ ತನ್ನತ್ತ ನೋಡಿದರೆ ಬಾಟಲಿಯ ಮುಚ್ಚಳ ಬಿಗಿ ಮಾಡತೊಡಗುತ್ತಾನೆ. ಒಂಟಿ ಮಕ್ಕಳು ಒಂಟಿಯಾಗಿ ಕಾಣುವುದಿಲ್ಲ, ಕೆಲಸದಲ್ಲಿ ಮುಳುಗಿದವರಂತೆ ಕಾಣುತ್ತಾರೆ. ಬೋರ್ಡು ಒರೆಸಲು, ಪುಸ್ತಕ ಜೋಡಿಸಲು ತಾವಾಗಿ ಮುಂದೆ ಬರುವ ಮಕ್ಕಳಲ್ಲಿ ಕೆಲವರಾದರೂ ಮೈದಾನದ ಆ ಇಪ್ಪತ್ತು ನಿಮಿಷಗಳಿಂದ ತಪ್ಪಿಸಿಕೊಳ್ಳುತ್ತಿರುತ್ತಾರೆ.

ಹಾಗೆಂದು ಒಬ್ಬನೇ ಇರುವ ಮಗುವೆಲ್ಲ ಒಂಟಿಯಲ್ಲ. ಒಬ್ಬನೇ ಇರುವುದನ್ನು ಇಷ್ಟಪಡುವ ಮಗುವಿನ ಕಣ್ಣು ತನ್ನ ಕೈಯಲ್ಲಿರುವ ವಸ್ತುವಿನ ಮೇಲೆ ಇರುತ್ತದೆ: ಪುಸ್ತಕ, ಕಲ್ಲು, ಇರುವೆಯ ಸಾಲು, ಏನಾದರೊಂದು. ಈ ಹುಡುಗನ ಕಣ್ಣು ಆಟದ ಮೇಲಿತ್ತು. ಆಟದಲ್ಲಿ ಯಾರೋ ಬಿದ್ದರೆ ಇವನ ಭುಜ ಕುಣಿಯುತ್ತಿತ್ತು, ಯಾರೋ ಗೆದ್ದರೆ ತುಟಿ ಅರಳುತ್ತಿತ್ತು. ಮನಸ್ಸು ಒಳಗೆ, ಮೈ ಹೊರಗೆ.

ಇನ್ನೊಂದು ವ್ಯತ್ಯಾಸ ತಿಳಿಯಬೇಕಿತ್ತು. ಜಾನ್ ಕೋಯಿ ಮತ್ತು ಅವರ ಜೊತೆಗಾರರು 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ. ತರಗತಿಯ ಮಕ್ಕಳನ್ನು ‘ನಿನಗೆ ತುಂಬಾ ಇಷ್ಟವಾದವರು ಯಾರು, ಇಷ್ಟವಾಗದವರು ಯಾರು’ ಎಂದು ಕೇಳಿದರೆ ಕೆಲವರ ಹೆಸರು ಎರಡನೆಯ ಪಟ್ಟಿಯಲ್ಲಿ ತುಂಬಿರುತ್ತದೆ, ಅವರು ತಿರಸ್ಕೃತರು. ಕೆಲವರ ಹೆಸರು ಎರಡರಲ್ಲೂ ಬರುವುದಿಲ್ಲ ಎನ್ನುವಷ್ಟು ಅಪರೂಪ, ಅವರು ಅಲಕ್ಷಿತರು. ಹೊರಗಿನಿಂದ ಇಬ್ಬರೂ ಒಂದೇ ಗೋಡೆಗೆ ಒರಗಿ ನಿಂತಿರುತ್ತಾರೆ, ಆದರೆ ಇಬ್ಬರಿಗೂ ಮಾಡಬೇಕಾದದ್ದು ಒಂದೇ ಅಲ್ಲ. ತಿರಸ್ಕೃತ ಮಗುವಿಗೆ ಹಲೋ ಹೇಳಿಕೊಟ್ಟು ಪ್ರಯೋಜನವಿಲ್ಲ. ಅವನ ಬಗ್ಗೆ ಉಳಿದವರಿಗೆ ಆಗಲೇ ಒಂದು ಅಭಿಪ್ರಾಯವಿದೆ, ಮೊದಲು ಅದರ ಬೇರು ಹುಡುಕಬೇಕು. ಆ ಪಟ್ಟಿಯ ಪರೀಕ್ಷೆಯನ್ನು ನಾನು ತರಗತಿಯಲ್ಲಿ ನಡೆಸುವುದಿಲ್ಲ, ಇಷ್ಟವಿಲ್ಲದವರ ಹೆಸರು ಬರೆಯಲು ಮಕ್ಕಳಿಗೆ ಹೇಳುವುದು ನನಗೆ ಒಗ್ಗದ ಕೆಲಸ. ಅದರ ಬದಲು ವಿರಾಮದಲ್ಲಿ ಏನಾಗುತ್ತದೆ, ಯಾರು ಯಾರೊಡನೆ ಆಡುತ್ತಾರೆ ಎಂದು ಬೇರೆ ಬೇರೆ ಮಕ್ಕಳೊಡನೆ ಸುಮ್ಮನೆ ಹರಟೆ ಹೊಡೆದೆ. ಇವನ ಮೇಲೆ ಯಾರೂ ದೂರು ಹೇಳಲಿಲ್ಲ. ಹೆಸರನ್ನೂ ಹೇಳಲಿಲ್ಲ.

ಪೀಡನೆ ಇಲ್ಲ ಎಂಬುದು ಹೀಗೆ ಖಚಿತವಾಯಿತು. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ, ಪಾಠ ಗಟ್ಟಿಯಾಗಿ ಓದುತ್ತಿದ್ದ, ಆದ್ದರಿಂದ ಕೆಲವು ಸಂದರ್ಭಗಳಲ್ಲಿ ಮಾತೇ ಹೊರಡದ ಆತಂಕದ ಸಮಸ್ಯೆಯೂ ಅಲ್ಲ.

ನನ್ನ ಕೋಣೆಯಲ್ಲಿ ಅವನೊಡನೆ ಕೂತಾಗ ನೇರವಾಗಿ ‘ನಿನಗೆ ಗೆಳೆಯರಿಲ್ಲವೇ’ ಎಂದು ಕೇಳಲಿಲ್ಲ. ಸ್ಟೀವನ್ ಆಶರ್ ಮತ್ತು ಸಂಗಡಿಗರು 1984ರಲ್ಲಿ ಮಕ್ಕಳ ಒಂಟಿತನ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ 24 ವಾಕ್ಯಗಳಿವೆ, ಆದರೆ ಒಂಟಿತನಕ್ಕೆ ಸಂಬಂಧಿಸಿದವು 16 ಮಾತ್ರ. ಉಳಿದ 8 ಓದು, ಸಂಗೀತ, ಟಿವಿ ಮುಂತಾದ ಹವ್ಯಾಸಗಳ ಬಗ್ಗೆ; ಮಗು ಹಗುರವಾಗಿ ಉತ್ತರಿಸಲಿ ಎಂದು ನಡುನಡುವೆ ಸೇರಿಸಿದವು. ಈ ಉಪಾಯ ನನಗೆ ಪ್ರಶ್ನಾವಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಚಿತ್ರ ಬರೆಯುವುದು ಇಷ್ಟವೇ, ಯಾವ ಪಾಠ ಬೇಸರ ತರಿಸುತ್ತದೆ, ಎಂಬ ಪ್ರಶ್ನೆಗಳ ನಡುವೆ ‘ತರಗತಿಯಲ್ಲಿ ಮಾತನಾಡಲು ಯಾರಾದರೂ ಇದ್ದಾರೆಯೇ’ ಎಂದು ಕೇಳಿದೆ. ‘ಇದ್ದ’ ಎಂದ. ಒಂದೇ ಪದ, ಅದೂ ಭೂತಕಾಲದಲ್ಲಿ.

ಸೋಮವಾರ

ವಾರ ಕೆಟ್ಟದಾಗಿಯೇ ಶುರುವಾಯಿತು. ಪರಿಸರ ಪಾಠದ ಶಿಕ್ಷಕಿ ನಾಲ್ಕು ನಾಲ್ಕು ಮಂದಿಯ ಗುಂಪುಗಳಾಗಿ ಒಂದು ಪ್ರಾಜೆಕ್ಟ್ ಮಾಡಬೇಕೆಂದರು. ‘ಗುಂಪು ನೀವೇ ಮಾಡಿಕೊಳ್ಳಿ, ಶುಕ್ರವಾರ ಹೆಸರು ಕೊಡಿ.’ ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟೆ ಎಂದು ಅವರಿಗೆ ಅನ್ನಿಸಿರಬೇಕು. ಗೆಳೆಯರಿಲ್ಲದ ಮಗುವಿಗೆ ಇದರಷ್ಟು ಕ್ರೂರವಾದ ಸೂಚನೆ ಇನ್ನೊಂದಿಲ್ಲ. ಐದು ದಿನ ಅವನು ಯಾರಿಗೂ ಬೇಡವಾದ ಹೆಸರಾಗಿ ಓಡಾಡಬೇಕು, ಕೊನೆಗೆ ಶಿಕ್ಷಕಿ ‘ಇವನನ್ನು ಯಾರು ಸೇರಿಸಿಕೊಳ್ಳುತ್ತೀರಿ’ ಎಂದು ಎಲ್ಲರೆದುರು ಕೇಳುವುದನ್ನು ಕಾಯಬೇಕು. ಆ ದಿನ ಎರಡನೇ ಪೀರಿಯಡ್ಡಿಗೆ ಹೊಟ್ಟೆನೋವು ಎಂದು ಅವನು ನನ್ನ ಕೋಣೆಗೆ ಬಂದ.

ಅದೇ ದಿನ ತರಗತಿ ಶಿಕ್ಷಕಿಯಿಂದ ತಿಳಿಯಿತು, ಮರುದಿನ ಒಬ್ಬ ಹುಡುಗಿ ಹೊಸದಾಗಿ ಸೇರುತ್ತಾಳೆ. ಅವರಿಗೂ ಈಗ ಹುಡುಗನ ವಿಷಯ ಗೊತ್ತಿತ್ತು. ‘ಸರಿ ಹೋಯಿತಲ್ಲ, ಇವನಿಗೇ ಜವಾಬ್ದಾರಿ ಕೊಡುತ್ತೇನೆ. ಎಲ್ಲರೆದುರು, ಇವಳಿಗೆ ಶಾಲೆ ತೋರಿಸುವವನು ನೀನೇ ಎಂದು ಹೇಳಿಬಿಡುತ್ತೇನೆ’ ಎಂದರು. ಬೇಡ ಎಂದೆ. ನೇಮಿಸಿದ ಗೆಳೆತನದ ತೊಂದರೆ ಏನೆಂದರೆ, ಇಬ್ಬರಿಗೂ ಅದು ಡ್ಯೂಟಿ ಎಂದು ಗೊತ್ತಿರುತ್ತದೆ. ಅವಳು ನಕ್ಕರೆ ಶಿಕ್ಷಕಿಯ ಮಾತಿಗಾಗಿ ನಕ್ಕಳು ಎಂದು ಅವನು ಅಂದುಕೊಳ್ಳುತ್ತಾನೆ. ಡ್ಯೂಟಿ ಮುಗಿದ ದಿನ ಮಾತೂ ಮುಗಿಯುತ್ತದೆ. ಅವರ ಕೈಯಲ್ಲಿದ್ದದ್ದು ಒಂದೇ ಕೆಲಸ, ಅವಳನ್ನು ಹುಡುಗನ ಮುಂದಿನ ಡೆಸ್ಕಿನಲ್ಲಿ ಕೂರಿಸುವುದು. ಅಷ್ಟು ಮಾಡಿ, ಆಮೇಲೆ ಅತ್ತ ನೋಡಲೂ ಬೇಡಿ ಎಂದು ಕೇಳಿಕೊಂಡೆ. ಎರಡನೆಯದು ಅವರಿಗೆ ಹೆಚ್ಚು ಕಷ್ಟವಾಯಿತು.

ಹೊಸದಾಗಿ ಬಂದವಳೇ ಏಕೆ? ತರಗತಿಯ ಹಳೆಯ ಮೂವತ್ತೆಂಟು ಮಕ್ಕಳಲ್ಲಿ ಒಬ್ಬರೂ ಆಗುತ್ತಿರಲಿಲ್ಲವೇ? ಕಷ್ಟ. ಅವರೆಲ್ಲ ಗುಂಪಿನೊಳಗಿದ್ದರು. ಗುಂಪನ್ನು ಪ್ರವೇಶಿಸುವುದು ಒಬ್ಬ ವ್ಯಕ್ತಿಯನ್ನು ಮಾತನಾಡಿಸುವುದಕ್ಕಿಂತ ಬೇರೆಯೇ ಕೌಶಲ. ಮಾರ್ಥಾ ಪುಟಲ್ಲಾಜ್ ಮತ್ತು ಜಾನ್ ಗಾಟ್‌ಮನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಲೇ ಆಡುತ್ತಿದ್ದ ಇಬ್ಬರ ಬಳಿಗೆ ಮೂರನೆಯ ಮಗು ಬಂದಾಗ ಏನಾಗುತ್ತದೆ ಎಂದು ಗಮನಿಸಿದರು. ಗೆಳೆಯರು ಕಡಿಮೆ ಇದ್ದ ಮಕ್ಕಳು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದರು, ಮಾಹಿತಿ ಕೇಳುವ ಪ್ರಶ್ನೆ ಹಾಕುತ್ತಿದ್ದರು, ಒಪ್ಪದ ಮಾತು ಆಡುತ್ತಿದ್ದರು. ಇವೆಲ್ಲ ನಡೆಯುತ್ತಿರುವ ಆಟವನ್ನು ನಿಲ್ಲಿಸಿ ಗಮನವನ್ನು ತಮ್ಮತ್ತ ತಿರುಗಿಸುವ ನಡೆಗಳು, ಅದಕ್ಕೇ ಗುಂಪು ಅವರನ್ನು ಕಡೆಗಣಿಸುತ್ತಿತ್ತು. ಹೊಸ ಹುಡುಗಿಗೆ ಇನ್ನೂ ಗುಂಪಿಲ್ಲ, ನಿಲ್ಲಿಸಬೇಕಾದ ಆಟವೂ ಇಲ್ಲ. ಆದರೆ ಈ ಅವಕಾಶಕ್ಕೆ ಆಯಸ್ಸು ಕಡಿಮೆ. ಹೊಸಬರು ಎರಡು ಮೂರು ದಿನಗಳಲ್ಲಿ ಯಾವುದೋ ಗುಂಪಿಗೆ ಸೇರಿಬಿಡುತ್ತಾರೆ.

‘ಹೋಗು, ಹಲೋ ಹೇಳು, ಅದರಲ್ಲೇನಿದೆ’ ಎಂದು ದೊಡ್ಡವರು ಸುಲಭವಾಗಿ ಹೇಳುತ್ತಾರೆ. (ಹೀಗೆ ಹೇಳುವವರು ಮದುವೆ ಮನೆಯಲ್ಲಿ ಪರಿಚಯದವರು ಸಿಗದಿದ್ದರೆ ಮೊಬೈಲ್ ನೋಡುತ್ತಾ ಕೂರುವುದನ್ನು ನಾನು ಕಂಡಿದ್ದೇನೆ.) ಹಲೋ ಹೇಳುವುದು ಕಷ್ಟವಲ್ಲ. ಅದರ ನಂತರದ ಮೂರು ಸೆಕೆಂಡು ಕಷ್ಟ. ಹಾಗಾಗಿ ಸೋಮವಾರ ನಾವಿಬ್ಬರೂ ಆ ಮೂರು ಸೆಕೆಂಡುಗಳನ್ನೇ ಅಭ್ಯಾಸ ಮಾಡಿದೆವು.

‘ಅವಳು ಉತ್ತರ ಕೊಡದಿದ್ದರೆ?’ ಎಂದು ಅವನು ಮೊದಲು ಕೇಳಿದ್ದೇ ಅದನ್ನು.

‘ಕೊಡದೆಯೂ ಇರಬಹುದು. ಹೊಸ ಜಾಗ, ಅವಳಿಗೂ ಭಯವಿರುತ್ತದೆ. ಆಗ ನೀನು ಏನು ಮಾಡುತ್ತೀಯ?’

ತುಂಬಾ ಹೊತ್ತು ಯೋಚಿಸಿದ. ‘ಬ್ಯಾಗಿನಿಂದ ಪುಸ್ತಕ ತೆಗೆಯುತ್ತೇನೆ.’

‘ಸರಿ. ಹಾಗಾದರೆ ಮಾತು ಶುರು ಮಾಡುವ ಮೊದಲು ಪುಸ್ತಕ ಬ್ಯಾಗಿನಲ್ಲೇ ಇರಲಿ.’

ಇದು ಚಿಕ್ಕ ವಿಷಯ ಅನ್ನಿಸಬಹುದು. ಉತ್ತರ ಬರದಿದ್ದರೆ ಕೈಗೆ ಒಂದು ಕೆಲಸವಿದೆ ಎಂದು ಗೊತ್ತಿದ್ದರೆ ಮಗು ಬಾಯಿ ತೆರೆಯುತ್ತದೆ. ಹಿಂದೆ ಸರಿಯುವ ದಾರಿ ಕಾಣದ ಕಡೆ ಯಾವ ಮಗುವೂ ಮುಂದೆ ಹೆಜ್ಜೆ ಇಡುವುದಿಲ್ಲ. ಹಲೋ ನಂತರ ಹೇಳಲು ಒಂದು ವಾಕ್ಯವನ್ನೂ ಅವನೇ ಆರಿಸಿಕೊಂಡ: ‘ವೇಳಾಪಟ್ಟಿ ಬೇಕಾದರೆ ನನ್ನ ಹತ್ತಿರ ಇದೆ.’ ಎಲ್ಲಿಂದ ಬಂದೆ, ಏಕೆ ಬಂದೆ ಎಂಬ ಪ್ರಶ್ನೆಗಳು ಬೇಡ ಎಂದು ಇಬ್ಬರೂ ಒಪ್ಪಿದೆವು. ಹೊಸಬರಿಗೆ ಆ ದಿನ ಅದೇ ಪ್ರಶ್ನೆಗಳು ಹತ್ತಾರು ಸಲ ಎದುರಾಗಿರುತ್ತವೆ.

ಮಂಗಳವಾರ

ಮೊದಲ ಗಂಟೆಗೆ ಇನ್ನೂ ಸಮಯವಿತ್ತು. ಹೊಸ ಹುಡುಗಿ ಮುಂದಿನ ಡೆಸ್ಕಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಹುಡುಗ ಹಿಂದಿನಿಂದ ಹಲೋ ಎಂದ. ಅವಳು ತಿರುಗಲಿಲ್ಲ.

ಅವನ ಲೆಕ್ಕದಲ್ಲಿ ಅಲ್ಲಿಗೆ ಎಲ್ಲ ಮುಗಿದಿತ್ತು. ಕೈ ಬ್ಯಾಗಿನ ಜಿಪ್ಪಿಗೆ ಹೋಯಿತು. ಅಷ್ಟರಲ್ಲಿ ಅವಳು ನೋಟ್‌ಬುಕ್ ತೆಗೆದಿಟ್ಟು ಮೊಣಕೈ ಊರಿದಳು. ಡೆಸ್ಕು ಎಡಕ್ಕೆ ವಾಲಿ ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಬಿದ್ದದ್ದು ಅವನ ಕಾಲ ಬಳಿ. ಅದನ್ನು ಎತ್ತಿಕೊಟ್ಟು ಇನ್ನೊಮ್ಮೆ ‘ಹಲೋ’ ಎಂದ.

‘ಏನು?’ ಎಂದಳು. ನಿಜವಾಗಿಯೂ ಕೇಳಿಸಿರಲಿಲ್ಲ. ಮೊದಲನೆಯದಂತೂ ಅವನ ಗಂಟಲನ್ನೇ ದಾಟಿರಲಿಲ್ಲ.

ಇಲ್ಲಿ ಅಭ್ಯಾಸ ಮಾಡಿದ ವಾಕ್ಯ ಅವನಿಗೆ ಮರೆತುಹೋಯಿತು. ವೇಳಾಪಟ್ಟಿಯ ಮಾತೇ ಬರಲಿಲ್ಲ. ಬಾಯಿಗೆ ಬಂದದ್ದು ಕಣ್ಣೆದುರಿಗಿದ್ದದ್ದು. ‘ಆ ಡೆಸ್ಕು ಅಲ್ಲಾಡುತ್ತದೆ. ಎಡಗಡೆ ಕಾಲು ಗಿಡ್ಡ. ಕಾಗದ ಇಟ್ಟರೆ ನಿಲ್ಲುತ್ತದೆ.’ ಹೇಳಿದವನೇ ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು, ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ, ಉಗುರಿನಿಂದ ಅಂಚು ಒತ್ತಿ ಮತ್ತೂ ಮಡಚಿ, ಬಗ್ಗಿ ಡೆಸ್ಕಿನ ಕಾಲಿನಡಿ ತುರುಕಿದ. ಅವಳು ಎರಡೂ ಕೈಯಿಂದ ಡೆಸ್ಕನ್ನು ಅಲ್ಲಾಡಿಸಿ ನೋಡಿದಳು. ‘ಇನ್ನೂ ಸ್ವಲ್ಪ ಅಲ್ಲಾಡುತ್ತದೆ’ ಎಂದಳು. ಅವನು ಇನ್ನೊಂದು ಹಾಳೆ ಹರಿದ. ಗಂಟೆ ಬಾರಿಸಿತು.

ಅಷ್ಟೇ ನಡೆದದ್ದು. ಹೆಸರು ಕೇಳುವುದನ್ನು ಇಬ್ಬರೂ ಮರೆತಿದ್ದರು. ಹಾಜರಿ ಕರೆದಾಗ ಪರಸ್ಪರ ತಿಳಿದುಕೊಂಡರು.

ಅಭ್ಯಾಸದ ವಾಕ್ಯಕ್ಕಿಂತ ಅವನ ವಾಕ್ಯ ಮೇಲು ಎಂದು ನನ್ನ ಅಭಿಪ್ರಾಯ. ವೇಳಾಪಟ್ಟಿ ಕೊಟ್ಟಿದ್ದರೆ ‘ಥ್ಯಾಂಕ್ಸ್’ ಎಂದು ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಡೆಸ್ಕು ಇಬ್ಬರ ಕಣ್ಣೆದುರೂ ಇತ್ತು, ಇಬ್ಬರೂ ಅದನ್ನು ಮುಟ್ಟಿ ನೋಡಬಹುದಿತ್ತು. ಒಬ್ಬರ ಮುಖ ಒಬ್ಬರು ನೋಡಬೇಕಾದ ಕಷ್ಟವಿರಲಿಲ್ಲ, ಇಬ್ಬರೂ ಡೆಸ್ಕನ್ನು ನೋಡಿದರು. ಸಂಕೋಚದ ಮಕ್ಕಳನ್ನು ಎದುರುಬದುರು ಕೂರಿಸಿ ಮಾತನಾಡಿ ಎನ್ನುವುದಕ್ಕಿಂತ ಪಕ್ಕಪಕ್ಕದಲ್ಲಿ ಒಂದು ಕೆಲಸಕ್ಕೆ ಹಚ್ಚುವುದು ಒಳ್ಳೆಯದು ಎಂದು ನಾವು ಹೇಳುವುದು ಇದಕ್ಕೇ. ಹಾಗಾದರೆ ಸೋಮವಾರದ ಅಭ್ಯಾಸ ವ್ಯರ್ಥವೇ? ಇಲ್ಲ. ಮೊದಲ ಹಲೋ ಬಿದ್ದುಹೋದ ಮೇಲೂ ಅವನು ಎದ್ದು ಓಡಲಿಲ್ಲ. ಜಿಪ್ಪಿಗೆ ಕೈ ಹಾಕಿ ಅಲ್ಲೇ ಕೂತಿದ್ದ. ಪೆನ್ಸಿಲ್ ಬಿದ್ದಾಗ ಅವನು ಅಲ್ಲಿದ್ದ.

ಬುಧವಾರ

ಕಥೆಗಳಲ್ಲಿ ಹಲೋ ಹೇಳಿದ ಮರುದಿನ ಎಲ್ಲ ಬಗೆಹರಿದಿರುತ್ತದೆ. ಈ ವಾರದಲ್ಲಿ ಅತ್ಯಂತ ಕೆಟ್ಟ ದಿನ ಬುಧವಾರ, ಅದೂ ಹಲೋ ಹೇಳಿದ್ದರಿಂದಲೇ. ಬೆಳಿಗ್ಗೆಯ ವಿರಾಮದಲ್ಲಿ ಮೂವರು ಹುಡುಗಿಯರು ಹೊಸ ಹುಡುಗಿಯ ಕೈ ಹಿಡಿದು ಮೈದಾನಕ್ಕೆ ಕರೆದುಕೊಂಡು ಹೋದರು. ಅವಳು ಹಿಂತಿರುಗಿ ನೋಡಲಿಲ್ಲ. ಇವನು ಬಾಟಲಿ ಹಿಡಿದು ನಲ್ಲಿಗೆ ಹೋದ. ಅಲ್ಲಿ ತರಗತಿಯ ಒಬ್ಬ ಹುಡುಗ ‘ನಿನ್ನ ಫ್ರೆಂಡ್ ಹೋದಳಲ್ಲ’ ಎಂದು ನಕ್ಕ. ಈ ವಯಸ್ಸಿನಲ್ಲಿ ಹುಡುಗರು ಹುಡುಗರೊಡನೆ, ಹುಡುಗಿಯರು ಹುಡುಗಿಯರೊಡನೆ ಇರುವುದೇ ಹೆಚ್ಚು. ಗೆರೆ ದಾಟಿದವರಿಗೆ ಚುಡಾಯಿಸುವಿಕೆ ತಪ್ಪಿದ್ದಲ್ಲ.

ಊಟದ ಬಿಡುವಿನಲ್ಲಿ ನನ್ನ ಬಳಿ ಬಂದ. ‘ಅವಳಿಗೆ ನಾನು ಇಷ್ಟವಿಲ್ಲ.’

ನಾನು ಸಮಾಧಾನ ಹೇಳಲಿಲ್ಲ. ‘ಹಾಗೇನಿಲ್ಲ ಬಿಡು’ ಎಂಬ ಮಾತು ಮಗುವಿನ ಕಿವಿಗೆ ‘ನೀನು ಕಂಡದ್ದು ಸುಳ್ಳು’ ಎಂದು ಕೇಳಿಸುತ್ತದೆ. ಒಂದು ಕಾಗದದ ನಡುವೆ ಗೆರೆ ಎಳೆದು, ಎಡಕ್ಕೆ ಕಣ್ಣಿಗೆ ಕಂಡದ್ದು, ಬಲಕ್ಕೆ ಮನಸ್ಸಿಗೆ ಬಂದದ್ದು ಬರೆ ಎಂದೆ. ಎಡಕ್ಕೆ ಬಂದದ್ದು: ‘ಅವರು ಕೈ ಹಿಡಿದು ಕರೆದರು. ಅವಳು ಹೋದಳು. ನನ್ನನ್ನು ನೋಡಲಿಲ್ಲ.’ ಬಲಕ್ಕೆ: ‘ಇಷ್ಟವಿಲ್ಲ.’ ಎಡಗಡೆಯ ಮೂರು ಮಾತಿನಿಂದ ಬಲಗಡೆಯ ಮಾತಲ್ಲದೆ ಬೇರೆ ಏನಾದರೂ ಹೊರಡಬಹುದೇ ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ‘ಅವಳು ಹಿಂದೆ ನೋಡಿರಲಿಕ್ಕಿಲ್ಲ, ಎಳೆಯುತ್ತಿದ್ದರಲ್ಲ’ ಎಂದ. ಅದನ್ನೂ ಬರೆಸಿದೆ. ಒಪ್ಪಿದನೆಂದೇನಲ್ಲ, ಆದರೆ ಬಲಗಡೆ ಈಗ ಒಂದರ ಬದಲು ಎರಡು ಮಾತಿದ್ದವು.

ಇದು ಒಂಟಿ ಮಕ್ಕಳ ಪಾಡು ಮಾತ್ರ ಎಂದು ಯಾರೂ ಭಾವಿಸಬಾರದು. ಅಪರಿಚಿತರು ಮೊದಲ ಸಲ ಮಾತನಾಡಿದ ಮೇಲೆ, ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಎಂಬುದನ್ನು ಇರುವುದಕ್ಕಿಂತ ಕಡಿಮೆ ಎಂದೇ ಅಂದಾಜು ಮಾಡುತ್ತಾರೆ ಎಂದು 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ವಯಸ್ಕರಲ್ಲಿ ತೋರಿಸಿದರು. 2021ರಲ್ಲಿ ವೋಲ್ಫ್ ಮತ್ತು ಸಂಗಡಿಗರು ಇದನ್ನೇ ಮಕ್ಕಳಲ್ಲಿ ನೋಡಿದಾಗ, ಐದು ವರ್ಷದ ಆಸುಪಾಸಿನಿಂದಲೇ ಈ ತಪ್ಪು ಅಂದಾಜು ಶುರುವಾಗುವುದು ಕಂಡಿತು. ಅಂದರೆ ನಾಲ್ಕನೇ ತರಗತಿಯ ಮಗು ಈ ತಪ್ಪು ಮಾಡುವುದು ಸಹಜ. ಬೇರೆ ಮಕ್ಕಳು ತಪ್ಪು ಅಂದಾಜು ಮಾಡಿಯೂ ಮರುದಿನ ಆಡಲು ಹೋಗುತ್ತಾರೆ, ಆಡುತ್ತಾ ಆಡುತ್ತಾ ಅಂದಾಜು ತಿದ್ದಿಕೊಳ್ಳುತ್ತದೆ. ಒಂಟಿ ಮಗು ಮರುದಿನ ಹೋಗುವುದಿಲ್ಲ. ತಪ್ಪು ಅಂದಾಜು ತಿದ್ದದೆ ಹಾಗೇ ಉಳಿಯುತ್ತದೆ. ಬುಧವಾರ ನನಗೆ ಬೇಕಿದ್ದುದು ಅವನಲ್ಲಿ ಧೈರ್ಯ ತುಂಬುವುದಲ್ಲ, ಗುರುವಾರ ಅವನು ಅದೇ ಡೆಸ್ಕಿನಲ್ಲಿ ಕೂತಿರುವುದು. ಸಂಜೆ ತಾಯಿಗೆ ಫೋನ್ ಮಾಡಿ, ‘ನಾಳೆ ಹೊಟ್ಟೆನೋವು ಎಂದರೂ ಕಳಿಸಿ, ತಡವಾದರೂ ಸರಿ. ಹುಡುಗಿಯ ಬಗ್ಗೆ ನೀವಾಗಿ ಏನೂ ಕೇಳಬೇಡಿ’ ಎಂದೆ. ಮನೆಯಲ್ಲಿ ‘ಮಾತನಾಡಿದೆಯಾ, ಏನು ಹೇಳಿದಳು’ ಎಂಬ ವಿಚಾರಣೆ ಶುರುವಾದರೆ ಅದು ಇನ್ನೊಂದು ಪರೀಕ್ಷೆಯಾಗುತ್ತದೆ.

ಗುರುವಾರ, ಶುಕ್ರವಾರ

ಗುರುವಾರ ಬೆಳಿಗ್ಗೆ ಹೊಟ್ಟೆನೋವು ಇತ್ತಂತೆ. ಆದರೂ ಸಮಯಕ್ಕೆ ಬಂದ. ಹಿಂದಿನ ಸಂಜೆ ತರಗತಿ ಗುಡಿಸಿದವರು ಡೆಸ್ಕಿನಡಿಯ ಕಾಗದವನ್ನು ಕಸದೊಂದಿಗೆ ಒಯ್ದಿದ್ದರು. ಹೊಸ ಹುಡುಗಿ ಕೂತಳು, ಡೆಸ್ಕು ವಾಲಿತು, ಅವಳು ಹಿಂದೆ ತಿರುಗಿ, ‘ಕಾಗದ ಯಾರೋ ತೆಗೆದಿದ್ದಾರೆ. ಮತ್ತೆ ಮಾಡಿಕೊಡುತ್ತೀಯಾ? ನನಗೆ ಅಷ್ಟು ದಪ್ಪ ಮಡಚಲು ಬರುವುದಿಲ್ಲ’ ಎಂದಳು.

ನನ್ನ ಟಿಪ್ಪಣಿಯಲ್ಲಿ ಈ ವಾರದ ತಿರುವು ಎಂದು ಗುರುತು ಹಾಕಿರುವುದು ಇಲ್ಲಿ, ಮಂಗಳವಾರದಲ್ಲಲ್ಲ. ಹಲೋ ಹೇಳಿದ್ದು ಫಲ ಕೊಟ್ಟಿದೆಯೇ ಎಂದು ತಿಳಿಯಲು ನೋಡಬೇಕಾದದ್ದು ಎದುರಿನ ಮಗು ತಾನಾಗಿ ಮಾತು ಶುರು ಮಾಡಿತೇ ಎಂಬುದನ್ನು. ಎಷ್ಟು ಹೊತ್ತು ಮಾತನಾಡಿದರು, ನಕ್ಕರೇ ಎಂಬುದೆಲ್ಲ ಆಮೇಲಿನದು. ಒಂದೇ ಕಡೆಯಿಂದ ಹೋಗುವ ಮಾತು ಎಷ್ಟೇ ಸಲ ಹೋದರೂ ಸಂಬಂಧವಾಗುವುದಿಲ್ಲ. ಹುಡುಗ ಹಾಳೆ ಹರಿದ. ಈ ಸಲ ಅವಳಿಗೂ ಒಂದು ಹಾಳೆ ಕೊಟ್ಟು ಮಡಚುವುದನ್ನು ತೋರಿಸಿದ. ಅವಳದ್ದು ಬಿಚ್ಚಿಕೊಂಡಿತು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯೂ ಒಂದು ಹಾಳೆ ತೆಗೆದುಕೊಂಡಳು, ಅವಳದ್ದೂ ಬಿಚ್ಚಿಕೊಂಡಿತು. ಇದು ಯಾರೂ ಯೋಜಿಸದೆ ಬಂದ ಲಾಭ: ಮೂರನೆಯವಳಿಗೆ ಇವನು ಮೊದಲ ಸಲ ಕಣ್ಣಿಗೆ ಬಿದ್ದ.

ಶುಕ್ರವಾರದ ಗುಂಪಿನ ವಿಷಯ ತರಗತಿ ಶಿಕ್ಷಕಿ ನನಗೆ ಹೇಳಿದ್ದು. ಹೊಸ ಹುಡುಗಿ ಮತ್ತು ಅವಳನ್ನು ಬುಧವಾರ ಕರೆದೊಯ್ದವರಲ್ಲಿ ಇಬ್ಬರು ಸೇರಿ ಮೂವರಾಗಿದ್ದರು. ನಾಲ್ಕನೆಯವರು ಯಾರು ಎಂದು ಮಾತು ನಡೆಯುತ್ತಿತ್ತು. ಹೊಸ ಹುಡುಗಿ ಹಿಂದೆ ಬೆರಳು ತೋರಿಸಿದಳು.

‘ಅವನು ಮಾತೇ ಆಡುವುದಿಲ್ಲ’ ಎಂದಳು ಒಬ್ಬಳು.

‘ನನ್ನ ಹತ್ತಿರ ಆಡುತ್ತಾನೆ’ ಎಂದಳು ಇವಳು.

ಈ ಒಂದು ಮಾತನ್ನು ತರಗತಿಯ ಹಳೆಯ ಮಕ್ಕಳಲ್ಲಿ ಯಾರೂ ಹೇಳುವಂತಿರಲಿಲ್ಲ. ಅವರಿಗೆ ಅವನು ‘ಮಾತನಾಡದವನು’ ಎಂಬುದು ಮೂರು ವರ್ಷಗಳಿಂದ ಗೊತ್ತಿದ್ದ ಸಂಗತಿ. ಅವಳಿಗೆ ಗೊತ್ತಿರಲಿಲ್ಲ. ಹೊಸ ಸಹಪಾಠಿಯ ನಿಜವಾದ ಉಪಕಾರ ಇದೇ ಎಂದು ನನಗೆ ಅನ್ನಿಸುತ್ತದೆ. ಅವಳ ದಯೆ, ಒಳ್ಳೆಯತನಗಳಿಗಿಂತ ಅವಳಿಗೆ ಹಳೆಯದು ತಿಳಿಯದಿದ್ದದ್ದು ಅವನಿಗೆ ಹೆಚ್ಚು ಕೆಲಸಕ್ಕೆ ಬಂತು. ಅವಳು ಕಂಡ ಹುಡುಗ ಕಾಗದ ಮಡಚಿ ಡೆಸ್ಕು ನಿಲ್ಲಿಸುವವನು.

ಹೆಸರು ಪಟ್ಟಿಗೆ ಸೇರಿತು. ಹುಡುಗ ಏನೂ ಹೇಳಲಿಲ್ಲ, ಆದರೆ ಪ್ರಾಜೆಕ್ಟಿಗೆ ಯಾವ ಬಣ್ಣದ ಕಾಗದ ತರಬೇಕು ಎಂದು ಎರಡು ಸಲ ಕೇಳಿದನಂತೆ.

ಆಮೇಲೆ

ಆ ಭಾನುವಾರ ಸಂಜೆ ಹೊಟ್ಟೆನೋವು ಬಂತು. ತಾಯಿ ನಿರಾಶೆಯಿಂದಲೇ ತಿಳಿಸಿದರು. ಬರದೇ ಇದ್ದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಎರಡು ತಿಂಗಳು ಭಾನುವಾರ ಎಂದರೆ ಭಯ ಎಂದು ಕಲಿತ ಮೈ ಒಂದು ಒಳ್ಳೆಯ ಶುಕ್ರವಾರಕ್ಕೆ ಅದನ್ನು ಮರೆಯುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಕಡಿಮೆಯಾಗಿತ್ತು, ನಂತರದ ವಾರಗಳಲ್ಲಿ ಕೆಲವು ಭಾನುವಾರ ಬರಲೇ ಇಲ್ಲ. ಮೈದಾನದಲ್ಲಿ ಅವನು ಈಗಲೂ ಗೋಡೆಗೆ ಒರಗಿ ನಿಲ್ಲುವ ದಿನಗಳಿವೆ. ಹೊಸ ಹುಡುಗಿ ವಿರಾಮವನ್ನು ಹೆಚ್ಚಾಗಿ ಹುಡುಗಿಯರೊಡನೆ ಕಳೆಯುತ್ತಾಳೆ, ಅದು ಬದಲಾಗಬೇಕೆಂದು ನಾನೂ ಬಯಸುವುದಿಲ್ಲ. ಅವಳ ಹೆಗಲ ಮೇಲೆ ಅವನ ಒಂಟಿತನದ ಹೊರೆ ಹಾಕುವುದು ನ್ಯಾಯವಲ್ಲ, ಅವಳೂ ಒಂಬತ್ತು ವರ್ಷದ ಮಗು.

ನನ್ನ ಚಿಂತೆ ಬೇರೆ ಇದೆ. ಹಿಂದೆ ಒಬ್ಬನೇ ಗೆಳೆಯನಿದ್ದ, ಅವನು ಹೋದಾಗ ಎಲ್ಲವೂ ಹೋಯಿತು. ಈಗಲೂ ಮಾತಿಗೆ ಒಬ್ಬಳೇ ಇದ್ದಾಳೆ. ಅವಳು ಒಂದು ವಾರ ರಜೆ ಹಾಕಿದರೂ ಅವನು ಮತ್ತೆ ನಲ್ಲಿಗೇ ಬಂದು ನಿಲ್ಲುತ್ತಾನೆ. ಹಾಗಾಗಿ ಪ್ರಾಜೆಕ್ಟ್ ಮುಗಿಯುವ ಮೊದಲೇ ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸಕ್ಕೆ ಅವನನ್ನೂ, ಅದೇ ತರಗತಿಯ ಇನ್ನೊಬ್ಬ ಮೆದು ಸ್ವಭಾವದ ಹುಡುಗನನ್ನೂ ಹಾಕಿಸಿದೆ. ಒಬ್ಬ ಶೀರ್ಷಿಕೆ ಓದಬೇಕು, ಇನ್ನೊಬ್ಬ ಕಪಾಟಿನಲ್ಲಿ ಇಡಬೇಕು; ಮಾತಿಲ್ಲದೆ ಆ ಕೆಲಸ ಸಾಗುವುದಿಲ್ಲ. ಪರಿಸರ ಪಾಠದ ಶಿಕ್ಷಕಿಯೊಡನೆಯೂ ಮಾತನಾಡಿದ್ದೇನೆ. ಮುಂದಿನ ಸಲದಿಂದ ಗುಂಪುಗಳನ್ನು ಅವರೇ ಚೀಟಿ ಎತ್ತಿ ಮಾಡುತ್ತಾರೆ.